ಬಸ್ಸಿಗೆ ಕಾದ ನಿಮಿಷಗಳ ಲೆಕ್ಕ

ವೇಳಾಪಟ್ಟಿಯ ಹಲಗೆ ಇಲ್ಲದ ಒಂದು ಬಸ್ ನಿಲ್ದಾಣವನ್ನು ನೆನೆಸಿಕೊಳ್ಳಿ. ಬಸ್ಸು ಇಂತಿಷ್ಟು ನಿಮಿಷಕ್ಕೊಮ್ಮೆ ತಪ್ಪದೆ ಬರುತ್ತದೆ. ಎಷ್ಟು ನಿಮಿಷಕ್ಕೊಮ್ಮೆ ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ. ಯಾರನ್ನೂ ಕೇಳದೆ, ಕೈಗಡಿಯಾರ ನೋಡಿಕೊಂಡು ಐದು ದಿನ ಕಾದ ಸಮಯವನ್ನಷ್ಟೇ ಬರೆದಿಟ್ಟುಕೊಂಡಿದ್ದೀರಿ: 4, 9, 2, 17, 3 ನಿಮಿಷ. ಎರಡು ಬಸ್ಸುಗಳ ನಡುವಿನ ಅಂತರವನ್ನು ಈ ಐದು ಸಂಖ್ಯೆಗಳಿಂದ ಹೇಳಬಹುದೇ?

ಆ ಅಂತರವನ್ನು ಸಂಖ್ಯಾಶಾಸ್ತ್ರದವರ ರೂಢಿಯಂತೆ ಥೀಟಾ (θ) ಎನ್ನೋಣ. ನೀವು ನಿಲ್ದಾಣಕ್ಕೆ ಬರುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ಸಂಬಂಧವಿಲ್ಲ. ಹಾಗಾಗಿ ನಿಮ್ಮ ಕಾಯುವಿಕೆ ಸೊನ್ನೆಯಿಂದ ಥೀಟಾವರೆಗೆ ಎಷ್ಟಾದರೂ ಇರಬಹುದು, ಅದರಲ್ಲಿ ಯಾವ ನಿಮಿಷಕ್ಕೂ ಹೆಚ್ಚು ಕಡಿಮೆ ಎಂಬುದಿಲ್ಲ. ಇದನ್ನೇ ಏಕರೂಪ ವಿತರಣೆ ಎನ್ನುತ್ತಾರೆ.

ಎಲ್ಲ ನಿಮಿಷಗಳಿಗೂ ಸಮಪಾಲು ಇದ್ದಾಗ ಕಾಯುವಿಕೆಯ ಸರಾಸರಿ ನಟ್ಟನಡುವೆ, ಅಂದರೆ θ/2ರಲ್ಲಿ ಇರಬೇಕು. ನಿಮ್ಮ ಐದು ದಿನಗಳ ಮೊತ್ತ 35, ಸರಾಸರಿ 7. ಈ 7 ಥೀಟಾದ ಅರ್ಧವೆಂದು ಇಟ್ಟುಕೊಂಡರೆ ಥೀಟಾ 14. ಇಷ್ಟೇ ಮೊಮೆಂಟ್ ವಿಧಾನ: ಸಿದ್ಧಾಂತ ಹೇಳುವ ಸರಾಸರಿಯನ್ನು ಕೈಯಲ್ಲಿರುವ ಸರಾಸರಿಗೆ ಸಮ ಮಾಡಿ, ಗೊತ್ತಿಲ್ಲದ್ದನ್ನು ಬಿಡಿಸುವುದು. ಸರಾಸರಿ ಮೊದಲ ಮೊಮೆಂಟ್, ವರ್ಗಗಳ ಸರಾಸರಿ ಎರಡನೆಯದು. ಕಾರ್ಲ್ ಪಿಯರ್ಸನ್ 1894ರಲ್ಲಿ ನೇಪಲ್ಸ್ ಕೊಲ್ಲಿಯ ಏಡಿಗಳ ಅಳತೆಗಳನ್ನು ಎರಡು ಗುಂಪಾಗಿ ಬಿಡಿಸಲು ಇದೇ ದಾರಿ ಹಿಡಿದಿದ್ದ. ಅವನ ಸಮೀಕರಣಗಳು ಬಹಳ ಜಟಿಲವಾಗಿದ್ದವು. ನಮ್ಮದು ಎರಡರಿಂದ ಗುಣಿಸಿದರೆ ಮುಗಿಯುತ್ತದೆ.

ಈ ‘ಸರಾಸರಿಯ ಎರಡರಷ್ಟು’ ಸೂತ್ರಕ್ಕೆ ಪಕ್ಷಪಾತವಿಲ್ಲ. ಅಂದರೆ ಏನು? ನಿಮ್ಮಂತೆಯೇ ಸಾವಿರಾರು ಜನ ತಲಾ ಐದು ದಿನ ಕಾದು, ತಂತಮ್ಮ ಅಂದಾಜು ಬರೆದರೆಂದುಕೊಳ್ಳಿ. ಕೆಲವರದು ಹೆಚ್ಚಾಗುತ್ತದೆ, ಕೆಲವರದು ಕಡಿಮೆ. ಆದರೆ ಎಲ್ಲರ ಅಂದಾಜುಗಳ ಸರಾಸರಿ ಥೀಟಾದಲ್ಲೇ ಬಂದು ನಿಲ್ಲುತ್ತದೆ. ಕಾರಣ ಸರಳ. ಪ್ರತಿ ದಿನದ ಕಾಯುವಿಕೆಯ ನಿರೀಕ್ಷಿತ ಬೆಲೆ θ/2. ಐದು ದಿನಗಳ ಸರಾಸರಿಯದೂ ಅಷ್ಟೇ. ಎರಡರಿಂದ ಗುಣಿಸಿದರೆ ಥೀಟಾ.

ಈಗ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ನಾಲ್ಕನೆಯ ದಿನ ನೀವು 17 ನಿಮಿಷ ಕಾದಿದ್ದೀರಿ. ಬಸ್ಸು 14 ನಿಮಿಷಕ್ಕೊಮ್ಮೆ ಬರುವುದಾದರೆ 17 ನಿಮಿಷ ಕಾಯುವುದು ಹೇಗೆ ಸಾಧ್ಯ? ಪಕ್ಷಪಾತವಿಲ್ಲದ ಸೂತ್ರ ಆಗಲಾರದ ಉತ್ತರ ಕೊಟ್ಟಿದೆ. ಲೆಕ್ಕ ತಪ್ಪಿಲ್ಲ. ಸರಾಸರಿ ಎಲ್ಲ ಸಂಖ್ಯೆಗಳನ್ನೂ ಒಂದರಲ್ಲಿ ಕಲಸಿಬಿಡುತ್ತದೆ. ‘ಥೀಟಾ 17ಕ್ಕಿಂತ ಕಡಿಮೆ ಇರಲಾರದು’ ಎಂದು ಒಂದೇ ಸಂಖ್ಯೆ ಕೊಟ್ಟ ಗಟ್ಟಿ ಸಾಕ್ಷಿಯೂ ಆ ಕಲಸಿನಲ್ಲಿ ಕರಗಿಹೋಗುತ್ತದೆ.

ಇದು ಎಷ್ಟು ಸಲ ಆಗುತ್ತದೆ? ಎರಡು ದಿನದ ಪಟ್ಟಿಯಲ್ಲಿ ಎಂದೂ ಆಗದು, ಏಕೆಂದರೆ ಸರಾಸರಿಯ ಎರಡರಷ್ಟು ಎಂದರೆ ಎರಡೂ ದಿನಗಳ ಮೊತ್ತವೇ. ಅದು ದೊಡ್ಡದಕ್ಕಿಂತ ಕಡಿಮೆಯಾಗಲಾರದು. ಮೂರು ದಿನವಾದರೆ ಎಂಟು ಪಟ್ಟಿಗಳಲ್ಲಿ ಒಂದು ಹೀಗಾಗುತ್ತದೆ, ಐದು ದಿನವಾದರೆ ಸುಮಾರು ಐದರಲ್ಲಿ ಒಂದು. ಇಪ್ಪತ್ತು ದಿನಕ್ಕೆ ಮೂರರಲ್ಲಿ ಒಂದರಷ್ಟು, ಮುಂದೆ ಅರ್ಧದ ಕಡೆಗೆ. ಮಾಹಿತಿ ಹೆಚ್ಚಿದಂತೆ ಈ ಎಡವಟ್ಟು ಕಡಿಮೆಯಾಗದೆ ಹೆಚ್ಚುತ್ತದೆ! ದಿನಗಳು ಹೆಚ್ಚಿದಂತೆ ಸರಾಸರಿಯ ಅಂದಾಜೂ ಥೀಟಾಕ್ಕೆ ಹತ್ತಿರವಾಗುತ್ತದೆ ನಿಜ. ಆದರೆ ಪಟ್ಟಿಯ ದೊಡ್ಡ ಸಂಖ್ಯೆ ಅದಕ್ಕಿಂತ ಬಹಳ ಬೇಗ ಥೀಟಾದ ಅಂಚಿಗೆ ಹೋಗಿ ಕೂತಿರುತ್ತದೆ. ಹಾಗಾಗಿ ತುಸು ಕೆಳಗೆ ಬಿದ್ದ ಅಂದಾಜೂ ಅದರ ಹಿಂದೆ ಉಳಿಯುತ್ತದೆ.

ಹಾಗಾದರೆ ದೊಡ್ಡ ಸಂಖ್ಯೆಯನ್ನೇ ಅಂದಾಜೆಂದು ಹಿಡಿದರೆ? ಅದರಲ್ಲಿ ಪಕ್ಷಪಾತವಿದೆ, ಅದೂ ಒಂದೇ ಕಡೆಗೆ. ಪಟ್ಟಿಯ ದೊಡ್ಡ ಸಂಖ್ಯೆ ಥೀಟಾವನ್ನು ಎಂದೂ ದಾಟದು, ಸಾಮಾನ್ಯವಾಗಿ ಕೆಳಗೇ ಉಳಿಯುತ್ತದೆ. ಎಷ್ಟು ಕೆಳಗೆ? ಸೊನ್ನೆಯಿಂದ ಥೀಟಾವರೆಗಿನ ಒಂದು ಹಗ್ಗದ ಮೇಲೆ ಐದು ಗುರುತುಗಳು ಬಿದ್ದಿವೆ ಎನ್ನಿ. ಅವು ಹಗ್ಗವನ್ನು ಆರು ತುಂಡು ಮಾಡುತ್ತವೆ. ಯಾವ ತುಂಡಿಗೂ ವಿಶೇಷ ಸ್ಥಾನವಿಲ್ಲದ್ದರಿಂದ ಸರಾಸರಿಯಲ್ಲಿ ಆರೂ ಸಮ. ಅಂದರೆ ಕೊನೆಯ ಗುರುತು ಸರಾಸರಿಯಲ್ಲಿ ಥೀಟಾದ ಆರರಲ್ಲಿ ಐದು ಪಾಲಿನಲ್ಲಿರುತ್ತದೆ. ಕೊರತೆಯ ಅಳತೆ ಇಷ್ಟು ಸ್ಪಷ್ಟವಾಗಿದ್ದರೆ ತುಂಬಿಕೊಡುವುದೂ ಸುಲಭ. 17ನ್ನು 6/5ರಿಂದ ಗುಣಿಸಿದರೆ 20.4. ಈ ತಿದ್ದಿದ ಅಂದಾಜಿಗೂ ಪಕ್ಷಪಾತವಿಲ್ಲ, ಮತ್ತು ಅದು ಕಂಡ ಸಂಖ್ಯೆಗಿಂತ ಎಂದೂ ಕೆಳಗಿಳಿಯದು.

ಎರಡಕ್ಕೂ ಪಕ್ಷಪಾತವಿಲ್ಲವಾದರೆ ಆಯ್ಕೆ ಹೇಗೆ? ಚದುರುವಿಕೆಯಿಂದ. ಬಸ್ಸು ನಿಜಕ್ಕೂ 20 ನಿಮಿಷಕ್ಕೊಮ್ಮೆ ಬರುವುದಾದರೆ, ಐದು ದಿನದ ಪಟ್ಟಿಯಲ್ಲಿ ಸರಾಸರಿಯ ಅಂದಾಜಿನ ಪ್ರಮಾಣಿತ ವಿಚಲನೆ ಸುಮಾರು 5.2 ನಿಮಿಷ, ತಿದ್ದಿದ ಅಂದಾಜಿನದು 3.4. ಇಪ್ಪತ್ತು ದಿನವಾದರೆ ಮೊದಲನೆಯದು 2.6, ಎರಡನೆಯದು ಒಂದು ನಿಮಿಷಕ್ಕೂ ಕಡಿಮೆ.

ಮೊಮೆಂಟ್ ವಿಧಾನ ಎಂದರೆ ತಾನಾಗಿಯೇ ಪಕ್ಷಪಾತವಿಲ್ಲದ್ದು ಎಂದೂ ತಿಳಿಯಬಾರದು. ಎರಡನೆಯ ಮೊಮೆಂಟ್ ಹಿಡಿದು ನೋಡಿ. ಕಾಯುವಿಕೆಯ ವರ್ಗದ ನಿರೀಕ್ಷಿತ ಬೆಲೆ θ²/3. ಹಾಗಾಗಿ ವರ್ಗಗಳ ಸರಾಸರಿಯನ್ನು ಮೂರರಿಂದ ಗುಣಿಸಿ ವರ್ಗಮೂಲ ತೆಗೆದರೆ ಇನ್ನೊಂದು ಅಂದಾಜು. ನಮ್ಮ ಪಟ್ಟಿಯ ವರ್ಗಗಳ ಸರಾಸರಿ 79.8, ಅಂದಾಜು ಸುಮಾರು 15.5. ಇಲ್ಲಿ ಪಕ್ಷಪಾತ ನುಸುಳುವುದು ಕೊನೆಯ ಹೆಜ್ಜೆಯಲ್ಲಿ. ವರ್ಗಮೂಲ ತೆಗೆಯುವವರೆಗೆ ಸರಾಸರಿ ಸರಿಯಾಗಿ θ²ನಲ್ಲೇ ಇರುತ್ತದೆ. ಒಬ್ಬರಿಗೆ 100, ಇನ್ನೊಬ್ಬರಿಗೆ 700 ಬಂತೆನ್ನಿ. ಸರಾಸರಿ 400, ಅದರ ಮೂಲ 20. ಆದರೆ ಬಿಡಿಬಿಡಿಯಾಗಿ ಮೂಲ ತೆಗೆದರೆ 10 ಮತ್ತು 26.5, ಸರಾಸರಿ 18.2ರಷ್ಟು. ವರ್ಗಮೂಲ ದೊಡ್ಡ ಸಂಖ್ಯೆಗಳನ್ನು ಹೆಚ್ಚು ಕುಗ್ಗಿಸುವುದರಿಂದ ಅಂದಾಜು ಸರಾಸರಿಯಲ್ಲಿ ಕೆಳಕ್ಕೆ ಜಾರುತ್ತದೆ. ಮೊದಲ ಮೊಮೆಂಟ್ ಬಚಾವಾದದ್ದು ಅಲ್ಲಿ ಬರೀ ಎರಡರಿಂದ ಗುಣಿಸುವ ಕೆಲಸವಿದ್ದದ್ದರಿಂದ.

ಇಷ್ಟೆಲ್ಲ ನಿಂತಿರುವುದು ಬಸ್ಸು ತಪ್ಪದೆ ಸಮ ಅಂತರದಲ್ಲಿ ಬರುತ್ತದೆ ಎಂಬ ಒಂದೇ ಮಾತಿನ ಮೇಲೆ. ಅಂತರ ಒಮ್ಮೆ 10, ಮರುಸಲ 30 ನಿಮಿಷವಾದರೆ? ಸರಾಸರಿ ಅಂತರ 20 ನಿಜ, ಆದರೆ ನೀವು ಉದ್ದದ ಅಂತರದೊಳಗೆ ಬಂದು ಸಿಕ್ಕಿಕೊಳ್ಳುವ ಸಂಭವ ಮೂರು ಪಟ್ಟು. ನಾಲ್ಕರಲ್ಲಿ ಮೂರು ಸಲ ಸರಾಸರಿ 15 ನಿಮಿಷ, ಒಂದು ಸಲ 5 ನಿಮಿಷ ಕಾಯುತ್ತೀರಿ. ಒಟ್ಟು ಸರಾಸರಿ 12.5. ಅದರ ಎರಡರಷ್ಟು 25. ಪಕ್ಷಪಾತವಿಲ್ಲದ ಸೂತ್ರ ಈಗ ಎಷ್ಟು ದಿನ ಕಾದರೂ 5 ನಿಮಿಷ ಹೆಚ್ಚೇ ತೋರಿಸುತ್ತದೆ. ಇದನ್ನು ಪತ್ತೆ ಹಚ್ಚಲು ಎರಡೂ ಅಂದಾಜುಗಳನ್ನು ಅಕ್ಕಪಕ್ಕ ಇಡಬೇಕು. ಹತ್ತಾರು ದಿನಗಳ ನಂತರ ಒಂದು 25ರ ಬಳಿ, ಇನ್ನೊಂದು 30ರ ಬಳಿ ನಿಂತು ಒಂದಾಗಲು ಒಪ್ಪದಿದ್ದರೆ, ಸಮ ಅಂತರದ ಊಹೆಯನ್ನೇ ಸಂಶಯಿಸಬೇಕು.

ನಿಮ್ಮ ಐದು ದಿನಗಳ 14 ಮತ್ತು 20.4ರ ಭಿನ್ನಮತವನ್ನು ಮಾತ್ರ ಹಾಗೆ ಓದಬೇಡಿ. ಇಷ್ಟು ಚಿಕ್ಕ ಪಟ್ಟಿಯಲ್ಲಿ ಅದು ಸಹಜ. ಸದ್ಯಕ್ಕೆ 20.4 ಎಂದು ಬರೆದುಕೊಳ್ಳಿ, ಆರನೆಯ ದಿನವೂ ಗಡಿಯಾರ ನೋಡಿ.