ನೋಡಿದ್ದಕ್ಕೂ ಬರೆದದ್ದಕ್ಕೂ ನಡುವಿನ ಆ ಹತ್ತು ಮಿಲಿಸೆಕೆಂಡು

2015ರ ಮೇ ತಿಂಗಳಲ್ಲಿ ಈಗೋರ್ ಹೊಮಾಕೋವ್ ಎಂಬ ಭದ್ರತಾ ಸಂಶೋಧಕ ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಗಿಫ್ಟ್ ಕಾರ್ಡುಗಳಲ್ಲಿ ತಾನು ಕಂಡ ದೋಷವೊಂದನ್ನು ಬರೆದು ಪ್ರಕಟಿಸಿದ. ಅವನ ಬಳಿ ತಲಾ 5 ಡಾಲರಿನ ಮೂರು ಕಾರ್ಡುಗಳಿದ್ದವು. ಒಂದು ಕಾರ್ಡಿನ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯ ಕಂಪನಿಯ ವೆಬ್‌ಸೈಟಿನಲ್ಲಿತ್ತು. ಅವನು ಒಂದೇ ಖಾತೆಗೆ ಎರಡು ಕಡೆಯಿಂದ ಲಾಗಿನ್ ಆಗಿ, ಒಂದೇ ವರ್ಗಾವಣೆಯ ಆದೇಶವನ್ನು ಎರಡೂ ಕಡೆಯಿಂದ ಏಕಕಾಲಕ್ಕೆ ಕಳಿಸಿದ. ಮೊದಲ ಕೆಲವು ಪ್ರಯತ್ನಗಳಲ್ಲಿ ಏನೂ ಆಗಲಿಲ್ಲ. ಆಮೇಲೊಮ್ಮೆ, 5 ಡಾಲರ್ ಮಾತ್ರ ಇದ್ದ ಕಾರ್ಡಿನಿಂದ 5 ಡಾಲರ್ ಎರಡು ಸಲ ಹೊರಟು, ಅದನ್ನು ಪಡೆದ ಕಾರ್ಡಿನಲ್ಲಿ 15 ಡಾಲರ್ ಕೂತಿತ್ತು. ಅದು ನಿಜವಾದ ಹಣವೇ ಎಂದು ಅಂಗಡಿಯಲ್ಲಿ ಖರೀದಿ ಮಾಡಿ ಖಚಿತಪಡಿಸಿಕೊಂಡು, ಹೆಚ್ಚುವರಿ ಮೊತ್ತಕ್ಕೆ ಸರಿದೂಗುವಂತೆ ತನ್ನ ಕ್ರೆಡಿಟ್ ಕಾರ್ಡಿನಿಂದ ಹಣ ತುಂಬಿ, ಕಂಪನಿಗೆ ವಿಷಯ ತಿಳಿಸಿದ.

ಇಲ್ಲಿ ಯಾರೂ ಪಾಸ್‌ವರ್ಡ್ ಕದಿಯಲಿಲ್ಲ, ವೈರಸ್ ನುಗ್ಗಿಸಲಿಲ್ಲ. ವೆಬ್‌ಸೈಟು ತನ್ನ ನಿಯಮದ ಪ್ರಕಾರವೇ ನಡೆಯಿತು. ಒಂದೇ ಕೆಲಸ ಎರಡು ಕಡೆ ಏಕಕಾಲಕ್ಕೆ ನಡೆದಾಗ ಆ ನಿಯಮವೇ ಸಾಲದೆ ಹೋಯಿತು, ಅಷ್ಟೆ. ತಂತ್ರಾಂಶದವರು ಇದನ್ನು ರೇಸ್ ಕಂಡಿಷನ್ ಎನ್ನುತ್ತಾರೆ.

ನಮ್ಮ ನಿತ್ಯದ ಆನ್‌ಲೈನ್ ವ್ಯಾಪಾರದಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೂಪನ್ನುಗಳಲ್ಲಿ. ಒಂದು ಅಂಗಡಿ ಹಬ್ಬಕ್ಕೆಂದು `HABBA500` ಎಂಬ ಕೂಪನ್ ಕೊಟ್ಟಿದೆ ಎನ್ನಿ. ಒಬ್ಬ ಗ್ರಾಹಕನಿಗೆ, ಒಂದೇ ಸಲ, 500 ರೂಪಾಯಿ ವಾಲೆಟ್ಟಿಗೆ ಜಮೆ. ಗ್ರಾಹಕ ಕೋಡ್ ಹಾಕಿ ಗುಂಡಿ ಒತ್ತಿದಾಗ ಸರ್ವರ್ ಎರಡು ಹೆಜ್ಜೆ ಇಡುತ್ತದೆ:

```sql
SELECT used_by FROM coupons WHERE code = 'HABBA500';
-- used_by ಖಾಲಿ ಇದ್ದರೆ 500 ರೂ. ಜಮೆ ಮಾಡಿ, ನಂತರ:
UPDATE coupons SET used_by = 42 WHERE code = 'HABBA500';
```

ಮೊದಲು ನೋಡುವುದು, ಆಮೇಲೆ ಬರೆಯುವುದು. ಓದಿದರೆ ಇದರಲ್ಲಿ ತಪ್ಪೇ ಕಾಣುವುದಿಲ್ಲ, ಒಬ್ಬೊಬ್ಬರೇ ಬಂದರೆ ತಪ್ಪೂ ಆಗುವುದಿಲ್ಲ. ಆದರೆ ಆ ಎರಡು ಹೆಜ್ಜೆಗಳ ನಡುವೆ ಹತ್ತು ಮಿಲಿಸೆಕೆಂಡು ಕಳೆಯುತ್ತದೆ ಎಂದುಕೊಳ್ಳಿ, ಮತ್ತು ಒಂದೇ ಖಾತೆಯಿಂದ ಎರಡು ರಿಕ್ವೆಸ್ಟುಗಳು ಎರಡು ಮಿಲಿಸೆಕೆಂಡಿನ ಅಂತರದಲ್ಲಿ ಬಂದವು ಎಂದುಕೊಳ್ಳಿ. ಮೊದಲನೆಯದು ನೋಡುತ್ತದೆ: ಕೂಪನ್ ಬಳಕೆಯಾಗಿಲ್ಲ. ಎರಡನೆಯದೂ ನೋಡುತ್ತದೆ: ಬಳಕೆಯಾಗಿಲ್ಲ, ಏಕೆಂದರೆ ಮೊದಲನೆಯದು ಇನ್ನೂ ಏನನ್ನೂ ಬರೆದಿಲ್ಲ. ಇದು 500 ಜಮೆ ಮಾಡುತ್ತದೆ, ಅದೂ 500 ಜಮೆ ಮಾಡುತ್ತದೆ. ಆಮೇಲೆ ಎರಡೂ ಹೋಗಿ 'ಬಳಕೆಯಾಗಿದೆ' ಎಂದು ಒಂದೇ ಜಾಗದಲ್ಲಿ ಬರೆಯುತ್ತವೆ. ಕೂಪನ್ ಟೇಬಲ್ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವಾಲೆಟ್ಟಿನಲ್ಲಿ ಮಾತ್ರ ಸಾವಿರ ರೂಪಾಯಿ ಇರುತ್ತದೆ.

ಇದಕ್ಕೆ ಮೋಸಗಾರನೇ ಬೇಕೆಂದಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಕಡೆ ಪುಟ ಅಲುಗಾಡದಿದ್ದಾಗ ಯಾರಾದರೂ ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತಾರೆ. ಅದನ್ನು ತಡೆಯಲು ಮೊದಲ ಒತ್ತಿನ ನಂತರ ಗುಂಡಿ ಮಂಕಾಗುವಂತೆ ಮಾಡುವ ರೂಢಿ ಇದೆ. ಅದು ಅಮಾಯಕ ಗ್ರಾಹಕನಿಗೆ ಸಾಕು. ಬ್ರೌಸರನ್ನೇ ಬದಿಗಿಟ್ಟು ನೇರವಾಗಿ ಸರ್ವರ್‌ಗೆ ರಿಕ್ವೆಸ್ಟ್ ಕಳಿಸುವವನಿಗೆ ಆ ಗುಂಡಿ ಕಾಣುವುದೇ ಇಲ್ಲ.

'ಇಷ್ಟು ಸಣ್ಣ ಕಿಂಡಿಯಲ್ಲಿ ನುಸುಳುವುದು ಯಾರಿಂದ ಸಾಧ್ಯ' ಎಂಬ ಧೈರ್ಯ ಬಹುಕಾಲ ಇತ್ತು. ರಿಕ್ವೆಸ್ಟುಗಳು ಅಂತರ್ಜಾಲದ ದಾರಿಯಲ್ಲಿ ಹಿಂದೆಮುಂದೆ ಆಗುವುದರಿಂದ ಎರಡನ್ನೂ ಒಂದೇ ಗಳಿಗೆಗೆ ತಲುಪಿಸುವುದು ಅದೃಷ್ಟದ ಮಾತಾಗಿತ್ತು. 2023ರಲ್ಲಿ ಪೋರ್ಟ್‌ಸ್ವಿಗ್ಗರ್ ಸಂಸ್ಥೆಯ ಜೇಮ್ಸ್ ಕೆಟಲ್ ಆ ಧೈರ್ಯವನ್ನು ಮುರಿದರು. ಎಚ್‌ಟಿಟಿಪಿ/2 ವಿಧಾನದಲ್ಲಿ ಇಪ್ಪತ್ತು ಮೂವತ್ತು ರಿಕ್ವೆಸ್ಟುಗಳ ಬಹುಪಾಲನ್ನು ಮೊದಲೇ ಕಳಿಸಿ, ಎಲ್ಲದರ ಕೊನೆಯ ಚೂರನ್ನು ಮಾತ್ರ ತಡೆಹಿಡಿದು, ಆ ಚೂರುಗಳನ್ನೆಲ್ಲ ಒಂದೇ ಪ್ಯಾಕೆಟ್ಟಿನಲ್ಲಿ ತುಂಬಿ ಬಿಡುವ ಉಪಾಯವನ್ನು ಅವರು ತೋರಿಸಿಕೊಟ್ಟರು. ಪ್ಯಾಕೆಟ್ ಒಂದೇ ಆದ್ದರಿಂದ ದಾರಿಯಲ್ಲಿ ಎಷ್ಟು ತಡವಾದರೂ ಎಲ್ಲ ರಿಕ್ವೆಸ್ಟುಗಳೂ ಒಟ್ಟಿಗೇ ಪೂರ್ಣಗೊಳ್ಳುತ್ತವೆ. ಮೆಲ್ಬರ್ನ್‌ನಿಂದ ಡಬ್ಲಿನ್‌ಗೆ, ಸುಮಾರು 17,000 ಕಿಲೋಮೀಟರ್ ದೂರ ಕಳಿಸಿದ ಇಪ್ಪತ್ತು ರಿಕ್ವೆಸ್ಟುಗಳು ಸುಮಾರು ಒಂದು ಮಿಲಿಸೆಕೆಂಡಿನ ಒಳಗೇ ಚಾಲನೆಯಾದವು. ಹತ್ತು ಮಿಲಿಸೆಕೆಂಡಿನ ಕಿಂಡಿ ಅಂಥವರಿಗೆ ಹೆಬ್ಬಾಗಿಲೇ ಸರಿ.

ಈಗ ತಡೆಯುವ ದಾರಿ. ಪ್ರೋಗ್ರಾಮರುಗಳ ಮೊದಲ ಉತ್ತರ ಸಾಮಾನ್ಯವಾಗಿ 'ಟ್ರಾನ್ಸಾಕ್ಷನ್ ಒಳಗೆ ಹಾಕಿಬಿಡೋಣ' ಎನ್ನುವುದು. ಈ ನಂಬಿಕೆ ಬಹಳ ವ್ಯಾಪಕ, ಆದ್ದರಿಂದಲೇ ಅಪಾಯಕಾರಿ. ಟ್ರಾನ್ಸಾಕ್ಷನ್ ಎಂದರೆ ಒಳಗಿನ ಕೆಲಸಗಳು ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಭರವಸೆ. ಎರಡು ಟ್ರಾನ್ಸಾಕ್ಷನ್‌ಗಳು ಒಂದನ್ನೊಂದು ಎಷ್ಟರ ಮಟ್ಟಿಗೆ ಗಮನಿಸಬೇಕು ಎಂಬುದು ಬೇರೆಯದೇ ಸೆಟ್ಟಿಂಗ್. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅದು ಪೂರ್ವನಿಯೋಜಿತವಾಗಿ `READ COMMITTED` ಹಂತದಲ್ಲಿರುತ್ತದೆ, ಮತ್ತು ಆ ಹಂತ ನಮ್ಮ ಕೂಪನ್ನನ್ನು ಕಾಯುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಎರಡು ಟರ್ಮಿನಲ್ ಕಿಟಕಿಗಳಲ್ಲಿ `psql` ತೆರೆಯಿರಿ. ಎರಡರಲ್ಲೂ `BEGIN;` ಕೊಟ್ಟು, ಮೇಲಿನ `SELECT` ನಡೆಸಿ. ಎರಡೂ ಕಡೆ `used_by` ಖಾಲಿ ಎಂದು ಬರುತ್ತದೆ. ಎಡಗಡೆ `UPDATE` ಕೊಡಿ, `UPDATE 1` ಎಂದು ಉತ್ತರ ಬರುತ್ತದೆ. ಬಲಗಡೆಯೂ ಅದನ್ನೇ ಕೊಟ್ಟರೆ ಕರ್ಸರ್ ಹಾಗೇ ನಿಂತುಬಿಡುತ್ತದೆ, ಏಕೆಂದರೆ ಆ ಸಾಲಿನ ಬೀಗ ಎಡಗಡೆಯವರ ಕೈಯಲ್ಲಿದೆ. ಎಡಗಡೆ `COMMIT;` ಕೊಟ್ಟ ತಕ್ಷಣ ಬಲಗಡೆಗೆ ಜೀವ ಬರುತ್ತದೆ, ಅಲ್ಲಿಯೂ `UPDATE 1` ಬೀಳುತ್ತದೆ. ಟ್ರಾನ್ಸಾಕ್ಷನ್ ಇತ್ತು, ಬೀಗವೂ ಇತ್ತು, ಕೂಪನ್ ಎರಡು ಸಲ ಹೋಯಿತು. ಬಲಗಡೆಯವರು 'ಖಾಲಿ' ಎಂದು ನೋಡಿದ್ದು ಹಳೆಯ ಸಂಗತಿ. ಬೀಗಕ್ಕಾಗಿ ಕಾದದ್ದು ಬರೆಯುವಾಗ ಮಾತ್ರ, ಬರೆಯುವಾಗ ಅವರು ಮತ್ತೆ ನೋಡಲಿಲ್ಲ.

ಹಾಗಾದರೆ ನೋಡುವುದನ್ನೂ ಬರೆಯುವುದನ್ನೂ ಬೇರೆ ಬೇರೆ ಮಾಡದೆ ಒಂದೇ ವಾಕ್ಯದಲ್ಲಿ ಸೇರಿಸಬೇಕು:

```sql
UPDATE coupons SET used_by = 42
WHERE code = 'HABBA500' AND used_by IS NULL;
```

ಕೂಪನ್ನನ್ನು ಮೊದಲಿನ ಸ್ಥಿತಿಗೆ ತಂದು, ಅದೇ ಎರಡು ಕಿಟಕಿಗಳಲ್ಲಿ ಇದನ್ನು ನಡೆಸಿ ನೋಡಿ. ಎಡಗಡೆ `UPDATE 1`. ಬಲಗಡೆ ಮೊದಲಿನಂತೆಯೇ ಕಾಯುತ್ತದೆ. ಎಡಗಡೆ ಕಮಿಟ್ ಆದಮೇಲೆ ಪೋಸ್ಟ್‌ಗ್ರೆಸ್ ಆ ಸಾಲಿನ ಹೊಸ ರೂಪಕ್ಕೆ ಷರತ್ತನ್ನು ಇನ್ನೊಮ್ಮೆ ಹಚ್ಚಿ ನೋಡುತ್ತದೆ, `used_by` ಈಗ ಖಾಲಿಯಿಲ್ಲ, ಹಾಗಾಗಿ ಬಲಗಡೆಗೆ ಸಿಗುವುದು `UPDATE 0`. ಪ್ರೋಗ್ರಾಮ್ ಈ ಸಂಖ್ಯೆಯನ್ನೇ ನಂಬಬೇಕು. ಒಂದು ಬಂದರೆ ಮಾತ್ರ 500 ರೂಪಾಯಿ ಜಮೆ, ಸೊನ್ನೆ ಬಂದರೆ 'ಈ ಕೂಪನ್ ಬಳಕೆಯಾಗಿದೆ' ಎಂಬ ಉತ್ತರ. ಕೂಪನ್ ಹಿಡಿಯುವುದು ಮತ್ತು ಹಣ ಜಮೆ ಮಾಡುವುದು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಇರಲಿ. ಟ್ರಾನ್ಸಾಕ್ಷನ್ನಿಗೆ ನಿಜವಾದ ಕೆಲಸ ಇರುವುದು ಇಲ್ಲಿ: ನಡುವೆ ಸರ್ವರ್ ಕೈಕೊಟ್ಟರೆ, ಕೂಪನ್ ಹೋಗಿ ಹಣ ಬಾರದೆ ಉಳಿದ ಗ್ರಾಹಕ ಇರುವುದಿಲ್ಲ.

ಒಂದೇ ಕೋಡನ್ನು ಸಾವಿರಾರು ಜನ ತಲಾ ಒಮ್ಮೆ ಬಳಸುವ ಕೂಪನ್ ಆದರೆ ಮೇಲಿನ ವಾಕ್ಯ ಹೊಂದುವುದಿಲ್ಲ. ಆಗ ಯಾರು ಬಳಸಿದರು ಎಂಬುದಕ್ಕೆ ಬೇರೆ ಟೇಬಲ್ ಮಾಡಿ, ಒಂದೇ ಕೂಪನ್ ಮತ್ತು ಒಂದೇ ಗ್ರಾಹಕನ ಜೋಡಿ ಎರಡನೇ ಸಲ ಸೇರದಂತೆ `UNIQUE (coupon_id, user_id)` ಎಂಬ ಕಟ್ಟಳೆ ಹಾಕಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಕಾವಲು ಇದೇ. ಮುಂದೆ ಯಾವ ಪ್ರೋಗ್ರಾಮರ್ ಬಂದು ಯಾವ ಹೊಸ ದಾರಿಯಲ್ಲಿ ಕೂಪನ್ ಬಳಸುವ ಕೋಡ್ ಬರೆದರೂ ಡೇಟಾಬೇಸ್ ಎರಡನೇ ಸಾಲನ್ನು ಒಪ್ಪುವುದೇ ಇಲ್ಲ. ಪ್ರೋಗ್ರಾಮಿನೊಳಗೆ ಹಾಕುವ ಬೀಗಕ್ಕೆ ಈ ಬಲ ಇಲ್ಲ, ಏಕೆಂದರೆ ಹಬ್ಬದ ದಟ್ಟಣೆಗೆಂದು ಎರಡನೇ ಸರ್ವರ್ ಸೇರಿಸಿದ ದಿನ ಒಂದರ ಬೀಗ ಇನ್ನೊಂದಕ್ಕೆ ತಿಳಿಯುವುದಿಲ್ಲ.

ಹಣ ಪಾವತಿ ಹೊರಗಿನ ಗೇಟ್‌ವೇಯಲ್ಲಿ ನಡೆಯುವುದಾದರೆ ಇನ್ನೊಂದು ತೊಡಕಿದೆ. ಗ್ರಾಹಕ ಓಟಿಪಿ ಹಾಕುವ ತನಕ ಡೇಟಾಬೇಸಿನ ಬೀಗ ಹಿಡಿದು ಕೂರುವಂತಿಲ್ಲ. ಆಗ ಕೂಪನ್ನನ್ನು ಮೊದಲು 'ಕಾದಿರಿಸಿದೆ' ಎಂದು ಗುರುತಿಸಿ, ಪಾವತಿ ಆದಮೇಲೆ 'ಬಳಕೆಯಾಗಿದೆ' ಎಂದು ಮಾಡಿ, ಗೊತ್ತುಮಾಡಿದ ಸಮಯದೊಳಗೆ ಪಾವತಿ ಬಾರದಿದ್ದರೆ ಬಿಡುಗಡೆ ಮಾಡಬೇಕು. ಕಾದಿರಿಸುವ ಆ ಹೆಜ್ಜೆಯೂ ಮೇಲಿನಂತೆ ಷರತ್ತಿನ `UPDATE` ಆಗಿರಲೇಬೇಕು.

ಇನ್ನು ಪರೀಕ್ಷೆ. ನಿಮ್ಮದೇ ಪರೀಕ್ಷಾ ಸರ್ವರಿನಲ್ಲಿ ಒಂದೇ ಖಾತೆಯಿಂದ ಇಪ್ಪತ್ತು ರಿಕ್ವೆಸ್ಟುಗಳನ್ನು ಒಟ್ಟಿಗೆ ಬಿಡಿ:

```sh
seq 20 | xargs -P 20 -I{} curl -s -b jar{}.txt \
  -d "code=HABBA500" https://staging.example.com/redeem
```

ಇಲ್ಲಿ `jar1.txt`ನಿಂದ `jar20.txt`ವರೆಗೆ ಇಪ್ಪತ್ತು ಬೇರೆ ಬೇರೆ ಕುಕಿ ಕಡತಗಳನ್ನು ಬಳಸಿದ್ದಕ್ಕೆ ಕಾರಣವಿದೆ. ಪಿಎಚ್‌ಪಿಯಂಥ ಕಡೆ ಒಂದು ಸೆಷನ್ನಿನ ಕಡತವನ್ನು ಒಂದು ರಿಕ್ವೆಸ್ಟ್ ಹಿಡಿದಿರುವಾಗ ಅದೇ ಸೆಷನ್ನಿನ ಉಳಿದವು ಸಾಲಿನಲ್ಲಿ ಕಾಯುತ್ತವೆ. ಒಂದೇ ಕುಕಿಯಿಂದ ಪರೀಕ್ಷಿಸಿದರೆ ಎಲ್ಲವೂ ಒಂದರ ಹಿಂದೆ ಒಂದು ನಡೆದು, ದೋಷವಿದ್ದರೂ 'ಪಾಸ್' ಎಂದು ಕಾಣುತ್ತದೆ. ಹೊಮಾಕೋವ್ ಕೂಡ ಎರಡು ಕಡೆಯಿಂದ ಲಾಗಿನ್ ಆಗಿದ್ದ. ಆದ್ದರಿಂದ ಅದೇ ಗ್ರಾಹಕನಾಗಿ ಇಪ್ಪತ್ತು ಸಲ ಲಾಗಿನ್ ಆಗಿ ಕುಕಿಗಳನ್ನು ಉಳಿಸಿಕೊಳ್ಳಿ.

ಫಲಿತಾಂಶವನ್ನು ಪರದೆಯ ಮೇಲಿನ ಉತ್ತರದಿಂದ ತೀರ್ಮಾನಿಸಬೇಡಿ. ಉತ್ತರದಲ್ಲಿ 'ವಿಫಲ' ಎಂದು ಬಂದರೂ ಹಣ ಜಮೆ ಆಗಿರಬಹುದು. ವಾಲೆಟ್ಟಿನ ಜಮಾ ಸಾಲುಗಳನ್ನು ಎಣಿಸಿ. ಒಂದೇ ಇರಬೇಕು. ಒಂದು ಸಲ ಒಂದೇ ಬಂತೆಂದು ಸಮಾಧಾನವೂ ಬೇಡ, ಕಿಂಡಿ ಸಣ್ಣದಾಗಿದ್ದರೆ ಹತ್ತು ಸಲ ತಪ್ಪಿ ಹನ್ನೊಂದನೇ ಸಲ ಸಿಗಬಹುದು. ಅದೃಷ್ಟಕ್ಕೆ ಬಿಡದಿರಲು, ಪರೀಕ್ಷಾ ಸರ್ವರಿನಲ್ಲಿ ಮಾತ್ರ, ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಕೋಡಿನಲ್ಲಿ 200 ಮಿಲಿಸೆಕೆಂಡಿನ ತಡೆ ಸೇರಿಸಿ. ದೋಷವಿದ್ದರೆ ಆಗ ಸುಲಭವಾಗಿ ಬಯಲಾಗುತ್ತದೆ. ದುರಸ್ತಿಯ ನಂತರ ಅದೇ ತಡೆಯನ್ನು ಇಟ್ಟೇ ಮತ್ತೆ ನಡೆಸಿದರೆ ಸಾಲು ಒಂದೇ ಇರಬೇಕು.

ಇವೆಲ್ಲ ಅಪರೂಪದ ಸಂಗತಿಗಳಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಾಡ್ ವಾರ್ಶಾವ್ಸ್ಕಿ ಮತ್ತು ಪೀಟರ್ ಬೇಲಿಸ್, ಜನಪ್ರಿಯವಾದ 12 ಆನ್‌ಲೈನ್ ಅಂಗಡಿ ತಂತ್ರಾಂಶಗಳನ್ನು ಪರಿಶೀಲಿಸಿ ಈ ಬಗೆಯ 22 ಗಂಭೀರ ದೋಷಗಳನ್ನು ಕಂಡರು. ಗಿಫ್ಟ್ ಕಾರ್ಡನ್ನು ಇರುವುದಕ್ಕಿಂತ ಹೆಚ್ಚು ಖರ್ಚು ಮಾಡುವುದು ಅವುಗಳಲ್ಲಿ ಒಂದು. ಅದಕ್ಕೂ ಮೊದಲು, 2014ರ ಮಾರ್ಚಿನಲ್ಲಿ, ಫ್ಲೆಕ್ಸ್‌ಕಾಯಿನ್ ಎಂಬ ಬಿಟ್‌ಕಾಯಿನ್ ಸಂಸ್ಥೆ 896 ಬಿಟ್‌ಕಾಯಿನ್ ಕಳೆದುಕೊಂಡು ಬಾಗಿಲು ಹಾಕಿತು. ಖಾತೆಯ ಬಾಕಿ ಬದಲಾಗುವ ಮೊದಲೇ ಸಾವಿರಾರು ವರ್ಗಾವಣೆ ಆದೇಶಗಳನ್ನು ಏಕಕಾಲಕ್ಕೆ ಕಳಿಸಿದ್ದರಿಂದ ಹೀಗಾಯಿತೆಂದು ಸಂಸ್ಥೆಯೇ ತಿಳಿಸಿತ್ತು.

ಬೇರೆಯವರ ಸೈಟಿನಲ್ಲಿ ಅನುಮತಿಯಿಲ್ಲದೆ ಇದನ್ನು ಪ್ರಯೋಗಿಸಬೇಡಿ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಆನ್‌ಲೈನ್ ಅಂಗಡಿ ನಡೆಸುವವರು ಮಾತ್ರ ತಮ್ಮ ತಂತ್ರಾಂಶದವರನ್ನು ಕರೆದು ಒಂದು ಪ್ರಶ್ನೆ ಕೇಳಲಿ: ಒಂದೇ ಕೂಪನ್ನಿಗೆ ಒಂದೇ ಗ್ರಾಹಕನಿಂದ ಇಪ್ಪತ್ತು ರಿಕ್ವೆಸ್ಟ್ ಒಟ್ಟಿಗೆ ಬಂದರೆ ವಾಲೆಟ್ಟಿನಲ್ಲಿ ಎಷ್ಟು ಜಮಾ ಸಾಲು ಬೀಳುತ್ತದೆ? 'ಒಂದೇ' ಎಂದು ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮೆದುರಿಗೆ ನಡೆಸಿ ತೋರಿಸಲು ಹೇಳಿ.