ಹನುಮಸಾಗರದಿಂದ ಕ್ಯಾಥ್ ಲ್ಯಾಬ್ ಎಷ್ಟು ತಾಸು?

ಹನುಮಸಾಗರದಿಂದ ಕುಷ್ಟಗಿಗೆ ಸುಮಾರು 25 ಕಿಲೋಮೀಟರ್. ಅಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಆದರೆ ಹೃದಯದ ರಕ್ತನಾಳಕ್ಕೆ ತಂತಿ ತೂರಿಸಿ ಅಡಚಣೆ ತೆಗೆಯುವ ಕ್ಯಾಥ್ ಲ್ಯಾಬ್ ಬೇಕೆಂದರೆ ಬಾಗಲಕೋಟೆಯಂಥ, ಹುಬ್ಬಳ್ಳಿಯಂಥ ಊರಿನ ದಾರಿ ಹಿಡಿಯಬೇಕು. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲೂ ಇದೆ, ಅದು 200 ಕಿಲೋಮೀಟರ್‌ಗೂ ಆಚೆ. ಹೀಗಿರುವಾಗ ನಡುರಾತ್ರಿ ಯಾರಿಗಾದರೂ ಹೃದಯಾಘಾತವಾದರೆ ಕುಷ್ಟಗಿಯಲ್ಲೇ ಹೆಪ್ಪು ಕರಗಿಸುವ ಸೂಜಿ ಹಾಕಿಸುವುದು ಒಳ್ಳೆಯದೋ, ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಿಸುವುದು ಒಳ್ಳೆಯದೋ? "ಸಣ್ಣ ದವಾಖಾನ್ಯಾಗ ಯಾಕ ಟೈಮ್ ಹಾಳ ಮಾಡ್ತೀರಿ, ಸೀದಾ ಹುಬ್ಬಳ್ಳಿಗೆ ಹೊಡೀರಿ" ಎನ್ನುವವರೇ ಹೆಚ್ಚು. ಈ ಸಲಹೆ ಹಲವು ಸಲ ಜೀವಕ್ಕೆ ಎರವಾಗುತ್ತದೆ. ಏಕೆಂದು ಲೆಕ್ಕ ಹಾಕಿಯೇ ನೋಡಬೇಕು.

ಹೃದಯದ ಮಾಂಸಕ್ಕೆ ರಕ್ತ ಒಯ್ಯುವ ಕೊರೊನರಿ ನಾಳದ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಕೂತಿರುತ್ತದೆ. ಒಂದು ದಿನ ಅದರ ಮೇಲಿನ ತೆಳು ಪೊರೆ ಬಿರಿಯುತ್ತದೆ. ಬಿರಿದ ಜಾಗಕ್ಕೆ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುತ್ತವೆ, ಅವುಗಳ ಸುತ್ತ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆಯುತ್ತವೆ, ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಅದರಾಚೆಗಿನ ಮಾಂಸ ಸುಮಾರು ಅರ್ಧ ತಾಸಿನಿಂದಲೇ ಸಾಯತೊಡಗುತ್ತದೆ. ಹೀಗೆ ನಾಳ ಪೂರ್ತಿ ಮುಚ್ಚಿದ್ದರ ಗುರುತು ಇಸಿಜಿಯಲ್ಲಿ ಎಸ್‌ಟಿ ಎಂಬ ಭಾಗ ಮೇಲಕ್ಕೆದ್ದು ಕಾಣುವುದು. ಈ ಬಗೆಯ ಹೃದಯಾಘಾತಕ್ಕೆ ವೈದ್ಯರು ಸ್ಟೆಮಿ ಎನ್ನುತ್ತಾರೆ. ಸೂಜಿಯೋ ಲ್ಯಾಬೋ ಎಂಬ ಪ್ರಶ್ನೆ ಏಳುವುದು ಇದರಲ್ಲಿ ಮಾತ್ರ. ಎಸ್‌ಟಿ ಏಳದ ಹೃದಯಾಘಾತವೂ ಇದೆ. ಅದಕ್ಕೆ ಈ ಸೂಜಿ ಹಾಕಿದರೆ ಲಾಭವಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ತಲೆಗೆ ಬರುತ್ತದೆ. ಆದ್ದರಿಂದ ಇಸಿಜಿ ಇಲ್ಲದೆ ಯಾವ ನಿರ್ಧಾರವೂ ಇಲ್ಲ.

ಸೂಜಿ ಮಾಡುವ ಕೆಲಸ ಆ ಫೈಬ್ರಿನ್ ಬಲೆಯನ್ನು ಕತ್ತರಿಸುವುದು. ನಮ್ಮ ರಕ್ತದಲ್ಲೇ ಪ್ಲಾಸ್ಮಿನೋಜೆನ್ ಎಂಬ ವಸ್ತು ನಿದ್ದೆಯಲ್ಲಿರುತ್ತದೆ, ಔಷಧ ಅದನ್ನು ಎಬ್ಬಿಸುತ್ತದೆ. ಹಳೆಯ ಔಷಧ ಸ್ಟ್ರೆಪ್ಟೊಕೈನೇಸ್. ಅದನ್ನು 15 ಲಕ್ಷ ಯೂನಿಟ್ ಲೆಕ್ಕದಲ್ಲಿ ಅರ್ಧದಿಂದ ಒಂದು ತಾಸು ಡ್ರಿಪ್ಪಿನಲ್ಲಿ ಹರಿಸಬೇಕು, ನಡುವೆ ಬಿಪಿ ಕುಸಿಯುವುದೂ ಉಂಟು. ಈಗಿನ ಟೆನೆಕ್ಟೆಪ್ಲೇಸ್ ಹಾಗಲ್ಲ. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ, ಹತ್ತು ಸೆಕೆಂಡಿನೊಳಗೆ ನರಕ್ಕೆ ಹಾಕಿ ಮುಗಿಸಬಹುದು. 60 ಕಿಲೋಗಿಂತ ಕಡಿಮೆ ತೂಕದವರಿಗೆ 30 ಮಿಲಿಗ್ರಾಂ, ಅಲ್ಲಿಂದ ಪ್ರತಿ 10 ಕಿಲೋಗೆ 5 ಏರುತ್ತಾ ಹೋಗಿ ಗರಿಷ್ಠ 50. ವಯಸ್ಸು 75 ದಾಟಿದ್ದರೆ ಅರ್ಧ ಡೋಸ್ ಸಾಕು.

ಇಷ್ಟಾದರೂ ಎರಡನ್ನೂ ಸಮಸಮ ಇಟ್ಟು ತೂಗಿದರೆ ಆಂಜಿಯೋಪ್ಲಾಸ್ಟಿಯೇ ಮೇಲು, ಅದರಲ್ಲಿ ವಾದವಿಲ್ಲ. ಮಣಿಕಟ್ಟಿನ ಧಮನಿಯಿಂದ ತಂತಿ ಒಯ್ದು, ಬಲೂನು ಉಬ್ಬಿಸಿ, ಸ್ಟೆಂಟ್ ಕೂರಿಸಿದರೆ ಹತ್ತರಲ್ಲಿ ಒಂಬತ್ತು ಜನರ ನಾಳ ಚೆನ್ನಾಗಿ ತೆರೆಯುತ್ತದೆ. ಸೂಜಿಯಿಂದ ಅಷ್ಟು ಚೆನ್ನಾಗಿ ತೆರೆಯುವುದು ಹತ್ತರಲ್ಲಿ ಐದಾರು ಜನರಿಗೆ. 2003ರಲ್ಲಿ 23 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸೂಜಿ ಪಡೆದವರಲ್ಲಿ ನೂರಕ್ಕೆ ಸುಮಾರು 9 ಜನ, ಆಂಜಿಯೋಪ್ಲಾಸ್ಟಿ ಆದವರಲ್ಲಿ ಸುಮಾರು 7 ಜನ ತೀರಿಕೊಂಡಿದ್ದರು. ಈ ಅಂಕಿಯನ್ನೇ ಹಿಡಿದು ಜನ ದೊಡ್ಡ ಆಸ್ಪತ್ರೆಗೆ ಓಡುತ್ತಾರೆ. ಆದರೆ ಆ ಪ್ರಯೋಗಗಳಲ್ಲಿ ಲ್ಯಾಬ್ ಎರಡು ಗಂಟೆಯ ದಾರಿಯಾಚೆ ಇರಲಿಲ್ಲ. ತಡವಾದಷ್ಟೂ ಆ ಎರಡರ ಅಂತರ ಕರಗುತ್ತದೆ, ಮುಂದೊಂದು ಹಂತದಲ್ಲಿ ತಿರುಗುಮುರುಗಾಗುತ್ತದೆ. ಅದಕ್ಕೇ ಮಾರ್ಗಸೂಚಿಗಳು ಒಂದು ಗೆರೆ ಎಳೆದಿವೆ. ಇಸಿಜಿಯಲ್ಲಿ ಸ್ಟೆಮಿ ಗೊತ್ತಾದ ಮೇಲೆ 120 ನಿಮಿಷದೊಳಗೆ ತಂತಿ ಹೆಪ್ಪನ್ನು ದಾಟುವಂತಿದ್ದರೆ ಲ್ಯಾಬಿಗೆ ಹೋಗಿ. ಆಗದಿದ್ದರೆ ಸೂಜಿ ಹಾಕಿ, ಅದನ್ನೂ 10 ನಿಮಿಷದೊಳಗೆ ಹಾಕಿ ಎನ್ನುತ್ತದೆ ಯುರೋಪಿನ ಮಾರ್ಗಸೂಚಿ. ಗಮನಿಸಿ, 120 ನಿಮಿಷ ಎಂದದ್ದು ಆಸ್ಪತ್ರೆಯ ಗೇಟು ಮುಟ್ಟುವುದಕ್ಕಲ್ಲ, ತಂತಿ ದಾಟುವುದಕ್ಕೆ.

ಈಗ ಒಬ್ಬ ಕಲ್ಪಿತ ರೋಗಿಯನ್ನು ತೆಗೆದುಕೊಳ್ಳೋಣ. ಹನುಮಸಾಗರದ ರೈತ, ವಯಸ್ಸು 55, ತೂಕ 58 ಕಿಲೋ. ರಾತ್ರಿ 2ಕ್ಕೆ ಎದೆ ಒತ್ತಿ ಹಿಡಿದಂತಾಗಿ, ಮೈಯೆಲ್ಲ ಬೆವತು ಎದ್ದು ಕೂತ. "ಗ್ಯಾಸ್ ಆಗಿರಬೇಕು, ಒಂದ್ ಸೋಡಾ ಕುಡೀರಿ" ಎಂದು ಮನೆಯವರು ಇಪ್ಪತ್ತು ನಿಮಿಷ ಕಳೆದರು. ಇಷ್ಟಕ್ಕೇ ನಿಂತರೆ ನಮ್ಮ ಕಡೆ ಅದು ಕಡಿಮೆಯೇ. ಗಾಡಿ ಸಿಕ್ಕು ಕುಷ್ಟಗಿ ಮುಟ್ಟುವಾಗ 3 ಗಂಟೆ. 3:10ಕ್ಕೆ ಇಸಿಜಿ ಬಂತು, ಎಸ್‌ಟಿ ಎದ್ದಿದೆ. ಸೂಜಿಗೆ ನಿರ್ಧರಿಸಿದರೆ 3:20ಕ್ಕೆ 30 ಮಿಲಿಗ್ರಾಂ ಟೆನೆಕ್ಟೆಪ್ಲೇಸ್ ಒಳಗೆ ಹೋಗಿರುತ್ತದೆ. ಜೊತೆಗೆ ಅಗಿದು ನುಂಗಲು 300 ಮಿಲಿಗ್ರಾಂ ಆಸ್ಪಿರಿನ್, ಕ್ಲೊಪಿಡೊಗ್ರೆಲ್ 300, ಹೊಸ ಹೆಪ್ಪು ಕಟ್ಟದಂತೆ ಹೆಪಾರಿನ್ ಬಗೆಯ ಸೂಜಿ. ಆತನ ನಾಳ ತೆರೆಯುವುದಿದ್ದರೆ 4 ಗಂಟೆಯ ಆಸುಪಾಸು, ಅಂದರೆ ನೋವು ಶುರುವಾದ ಎರಡು ತಾಸಿಗೆ ತೆರೆದೀತು.

ಸೂಜಿ ಹಾಕದೆ ಮುಂದಕ್ಕೆ ಕಳಿಸಿದರೆ? ಆಂಬುಲೆನ್ಸ್ ಹೊರಡುವಾಗ 3:30. ಬಾಗಲಕೋಟೆಯ ದಿಕ್ಕಿನಲ್ಲಿ ಎರಡು ತಾಸಿನೊಳಗೆ ಲ್ಯಾಬ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, 5:30. ಆ ಹೊತ್ತಿಗೆ ಲ್ಯಾಬಿಗೆ ಬೀಗ, ತಂತ್ರಜ್ಞರು ಮನೆಯಲ್ಲಿ. ಫೋನು, ಕಾಗದ, ಸಹಿ, ಮೇಜಿಗೆ ಒಯ್ಯುವುದು. ತಂತಿ ದಾಟುವಾಗ 6:20 ದಾಟಿರುತ್ತದೆ. ಇಸಿಜಿ ಆದ ಮೇಲೆ ಮೂರು ತಾಸು ಕಳೆದಿದೆ, ನೋವು ಶುರುವಾಗಿ ನಾಲ್ಕು ತಾಸು. ಹುಬ್ಬಳ್ಳಿಯಾದರೆ ಇನ್ನೂ ಮುಂದೆ. ಆಂಬುಲೆನ್ಸ್ ಬಿಟ್ಟು ಖಾಸಗಿ ಕಾರಿನಲ್ಲಿ ಹೊರಟರಂತೂ, ನಡುದಾರಿಯಲ್ಲಿ ಹೃದಯದ ಬಡಿತ ಅಡ್ಡಾದಿಡ್ಡಿಯಾಗಿ ನಿಂತರೆ ಶಾಕ್ ಕೊಡುವ ಯಂತ್ರವೂ ಇರುವುದಿಲ್ಲ. ಕುಷ್ಟಗಿಯನ್ನು ಬಿಟ್ಟು ಹನುಮಸಾಗರದಿಂದಲೇ ನೇರ ಹೊರಟರೆ ಸಮಯ ಉಳಿಯುತ್ತದೆ, ನಿಜ. ಆದರೆ ಅದು ಹೃದಯಾಘಾತವೇ ಎಂದು ಯಾರಿಗೂ ಗೊತ್ತಿಲ್ಲದೆ, ಆಚೆಯ ಆಸ್ಪತ್ರೆಗೆ ಮುಂಚಿತವಾಗಿ ಹೇಳದೆ ಹೋಗುವ ಓಟ ಅದು.

ಸೂಜಿಗೆ ಇನ್ನೊಂದು ಮಿತಿ ಇದೆ, ಅದು ಹೆಪ್ಪಿನ ವಯಸ್ಸು. ಗೋಡೆಗೆ ಮೆತ್ತಿದ ಮಣ್ಣು ಹಸಿ ಇದ್ದಾಗ ಒಂದು ತಂಬಿಗೆ ನೀರಿಗೆ ತೊಳೆದು ಹೋಗುತ್ತದೆ, ಒಣಗಿದ ಮೇಲೆ ಕೆರೆಯಬೇಕು. ಫೈಬ್ರಿನ್ ಎಳೆಗಳೂ ಹೊತ್ತು ಹೋದಂತೆ ಒಂದಕ್ಕೊಂದು ಗಟ್ಟಿಯಾಗಿ ಕೊಂಡಿ ಹಾಕಿಕೊಳ್ಳುತ್ತವೆ. ನೋವು ಶುರುವಾದ ಮೊದಲ ಮೂರು ತಾಸಿನಲ್ಲಿ ಸೂಜಿ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಕುಂದುತ್ತದೆ, 12 ತಾಸು ದಾಟಿದ ಮೇಲೆ ಹಾಕುವುದಿಲ್ಲ. ಬೆಳಗ್ಗೆ ನೋವು ಬಂದು ಸಂಜೆ ಆಸ್ಪತ್ರೆಗೆ ಬಂದವನಿಗೆ ದೂರದ ಲ್ಯಾಬೇ ಮೇಲಾಗಬಹುದು. ಬಿಪಿ ಕುಸಿದು ಕೈಕಾಲು ತಣ್ಣಗಾಗಿ ಆಘಾತದ ಸ್ಥಿತಿಗೆ ಜಾರಿದವನಿಗಂತೂ ಎಷ್ಟು ದೂರವಾದರೂ ಲ್ಯಾಬೇ ಗತಿ.

ಹಾಗಾದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಸೂಜಿ ಹಾಕದೆ ಮುಂದಕ್ಕೆ ಸಾಗಹಾಕುವುದು ಏಕೆ? ಒಂದು ಕಾರಣ ಬೆಲೆ. ಹೊರಗೆ ಟೆನೆಕ್ಟೆಪ್ಲೇಸಿಗೆ ಮೂವತ್ತು ಸಾವಿರ ರೂಪಾಯಿ ಆಸುಪಾಸು. ಇನ್ನೊಂದು, ನನಗೆ ತೋರುವಂತೆ ದೊಡ್ಡದು, ಭಯ. ಈ ಔಷಧ ಹೃದಯದ ಹೆಪ್ಪನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ನೂರಕ್ಕೆ ಒಬ್ಬರಿಗೆ ಇಲ್ಲವೇ ಅದಕ್ಕೂ ಕಡಿಮೆ ಜನರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಕಿರಿಯ ವೈದ್ಯರ ಕೈಯಲ್ಲಿ ಸೂಜಿ ಹಾಕಿದ ಮೇಲೆ ರೋಗಿ ಸತ್ತರೆ ಬಾಗಿಲ ಮುಂದೆ ಜನ ಕೂಡುತ್ತಾರೆ. ಸೂಜಿ ಹಾಕದೆ ಕಳಿಸಿದ ರೋಗಿ ದಾರಿಯಲ್ಲಿ ಸತ್ತರೆ ಯಾರೂ ಕೇಳುವುದಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ ಹೃದಯ ಜ್ಯೋತಿ ಯೋಜನೆ ಈ ಎರಡೂ ಗಂಟುಗಳಿಗೆ ಕೈ ಹಾಕಿದೆ. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ಕೆಲವೇ ನಿಮಿಷದಲ್ಲಿ ಓದಿ ಹೇಳುತ್ತಾರೆ, ಸೂಜಿ ಉಚಿತ. ಔಷಧದಷ್ಟೇ ಬೆಲೆಯುಳ್ಳದ್ದು ಆಚೆಯಿಂದ ಬರುವ "ಹಾಕಿ" ಎಂಬ ಆ ಮಾತು.

ಸೂಜಿಗೆ ಮೊದಲು ವೈದ್ಯರು ಕೇಳುವ ಪ್ರಶ್ನೆಗಳು ಮನೆಯವರಿಗೆ ಕಾಲಹರಣ ಎನ್ನಿಸಬಹುದು, ಅಲ್ಲ. ಹಿಂದೆಂದಾದರೂ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೆ, ಈಚಿನ ತಿಂಗಳುಗಳಲ್ಲಿ ಲಕ್ವ ಹೊಡೆದಿತ್ತೆ, ತಲೆಗೆ ಪೆಟ್ಟು ಬಿದ್ದಿತ್ತೆ, ಆಪರೇಷನ್ ಆಗಿತ್ತೆ, ಮಲದಲ್ಲಿ ರಕ್ತ ಹೋಗುತ್ತಿದೆಯೆ, ಬಿಪಿ 180ರ ಮೇಲಿದೆಯೆ? ಇವುಗಳಲ್ಲೊಂದಕ್ಕೆ ಹೌದು ಎಂದರೆ ಲೆಕ್ಕ ಬದಲಾಗುತ್ತದೆ. ಇನ್ನೊಂದು ಮಾತನ್ನು ಊರಿನವರು ತಾವಾಗಿಯೇ ಹೇಳಬೇಕು. ನೋವಿಗೆಂದು ಊರಲ್ಲೇ ಕುಂಡಿಗೆ ಒಂದು ಸೂಜಿ ಮಾಡಿಸಿಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯ. ಹೆಪ್ಪು ಕರಗಿಸುವ ಔಷಧ ಮೈಗೆ ಹೋದಾಗ ಮಾಂಸಖಂಡದ ಆ ಸಣ್ಣ ತೂತಿನಿಂದಲೂ ಒಳಗೊಳಗೇ ರಕ್ತ ಸೋರಿ ಆ ಜಾಗ ಊದಿಕೊಳ್ಳಬಹುದು.

ಸೂಜಿ ಹಾಕಿದ ಮೇಲೆ ಕುಷ್ಟಗಿಯಲ್ಲೇ ಮಲಗಿಸಿಕೊಳ್ಳುವುದಿಲ್ಲ, ಆಂಬುಲೆನ್ಸ್ ಹೊರಡಲೇಬೇಕು. 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಪ್ರಯೋಗ ಪರೀಕ್ಷಿಸಿದ್ದು ಇದನ್ನೇ. ಬೇಗ ಬಂದ, ಆದರೆ ಒಂದು ತಾಸಿನಲ್ಲಿ ಲ್ಯಾಬ್ ಸಿಗದ ಸುಮಾರು 1,900 ಜನರಲ್ಲಿ ಅರ್ಧದಷ್ಟು ಮಂದಿಗೆ ಸೂಜಿ ಹಾಕಿ ಆಮೇಲೆ ಲ್ಯಾಬಿಗೆ ಕಳಿಸಿದರು, ಉಳಿದವರಿಗೆ ನೇರ ಆಂಜಿಯೋಪ್ಲಾಸ್ಟಿ ಮಾಡಿದರು. ಒಂದು ತಿಂಗಳೊಳಗಿನ ಸಾವು, ಮರು ಹೃದಯಾಘಾತ, ಹೃದಯ ಸೋಲುವುದು, ಆಘಾತದ ಸ್ಥಿತಿ ಎಲ್ಲ ಕೂಡಿಸಿದರೆ ಮೊದಲ ಗುಂಪಿನಲ್ಲಿ 12.4%, ಎರಡನೆಯದರಲ್ಲಿ 14.3%. ಹೆಚ್ಚುಕಡಿಮೆ ಸಮ. ಆದರೆ ಸೂಜಿ ಪಡೆದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಅದು ಸಾಲದೆ ತುರ್ತಾಗಿ ಬಲೂನು ಹಾಕಬೇಕಾಯಿತು.

ಸಾಲಿತೋ ಇಲ್ಲವೋ ತಿಳಿಯುವುದು ಸೂಜಿಯಾದ 60ರಿಂದ 90 ನಿಮಿಷದ ಇನ್ನೊಂದು ಇಸಿಜಿಯಲ್ಲಿ. ನಮ್ಮ ರೈತನಿಗೆ ಅದು 4:50ರ ಒಳಗೆ, ಅಂದರೆ ಹುನಗುಂದದ ಆಚೀಚೆ ಓಡುತ್ತಿರುವ ಆಂಬುಲೆನ್ಸಿನಲ್ಲಿ. ಎದ್ದ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ, ನೋವೂ ಹೋಗಿದ್ದರೆ, ನಾಳ ತೆರೆದಿದೆ. ಆಗ ಆಂಜಿಯೋಗ್ರಾಂ 2ರಿಂದ 24 ತಾಸಿನೊಳಗೆ ಆದರೆ ಸಾಕು. ಇಳಿದಿಲ್ಲವೆಂದರೆ ರೋಗಿಯನ್ನು ಗಾಡಿಯಿಂದ ಇಳಿಸಿದ ಕೂಡಲೇ ಲ್ಯಾಬಿನ ಮೇಜು. ಎರಡನೆಯ ಸೂಜಿಗೆ ಕಾಯುವಂತಿಲ್ಲ.

ದಾರಿ ತಪ್ಪುವುದು ನಾಳ ತೆರೆದಾಗಲೇ ಹೆಚ್ಚು. ನೋವು ನಿಂತಿತು, ಅಪ್ಪ ಆರಾಮಾಗಿ ಮಾತಾಡುತ್ತಿದ್ದಾನೆ, ಇನ್ನೇಕೆ ಬಾಗಲಕೋಟೆ ಎಂದು ಗಾಡಿ ತಿರುಗಿಸುತ್ತಾರೆ. ಹೆಪ್ಪು ಕರಗಿದೆ, ಬಿರಿದ ಕೊಬ್ಬಿನ ಗುಡ್ಡೆ ಹಾಗೇ ಇದೆ. ಅದೇ ಜಾಗದಲ್ಲಿ ನಾಳ ಮತ್ತೆ ಮುಚ್ಚಬಹುದು, ಅಷ್ಟರಲ್ಲಿ ಮನೆಯಲ್ಲಿರುತ್ತಾರೆ. ಅದಕ್ಕೇ ಕುಷ್ಟಗಿಯಿಂದ ಹೊರಡುವ ಚೀಟಿಯ ಮೇಲೆ ಮೂರು ಸಂಗತಿ ಇದೆಯೇ ಎಂದು ಮನೆಯವರೇ ನೋಡಿಕೊಳ್ಳಬೇಕು: ಸೂಜಿ ಹಾಕಿದ ಗಂಟೆ, ಡೋಸ್, ಮೊದಲ ಇಸಿಜಿಯ ಪ್ರತಿ. ಮೊದಲ ಇಸಿಜಿ ಕೈಯಲ್ಲಿಲ್ಲದಿದ್ದರೆ ಎಸ್‌ಟಿ ಎಷ್ಟು ಇಳಿದಿದೆ ಎಂದು ಆಚೆಯ ವೈದ್ಯರು ಯಾವುದಕ್ಕೆ ಹೋಲಿಸಿ ಹೇಳಬೇಕು?