‘ರನ್’ಗೆ ಕನ್ನಡದಲ್ಲಿ ಏನನ್ನೋಣ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೂರನೆಯ ಆವೃತ್ತಿಗಾಗಿ ‘ರನ್’ ಎಂಬ ಕ್ರಿಯಾಪದವನ್ನು ಪರಿಷ್ಕರಿಸುವ ಕೆಲಸ ನಿಘಂಟುಕಾರ ಪೀಟರ್ ಗಿಲ್ಲಿವರ್ ಅವರ ಪಾಲಿಗೆ ಬಂತು. ಈ ಒಂದೇ ಪದಕ್ಕೆ ಅವರು ಸುಮಾರು ಒಂಬತ್ತು ತಿಂಗಳು ಕೂತರು. ಕೊನೆಗೆ ಲೆಕ್ಕಕ್ಕೆ ಸಿಕ್ಕ ಅರ್ಥಗಳು 645. ಇಂಗ್ಲಿಷಿನಲ್ಲಿ ಮನುಷ್ಯ, ನೀರು, ಬಸ್ಸು, ಅಂಗಡಿ, ರಸ್ತೆ, ಜ್ವರ, ಚುನಾವಣೆ, ಕಂಪ್ಯೂಟರ್ ಎಲ್ಲಕ್ಕೂ ಈ ಪದ ಒಗ್ಗುತ್ತದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುವವರಿಗೆ ಈ ಪದ ಎದುರಾದಾಗ ಕೈ ಮೊದಲು ಹೋಗುವುದು ‘ಓಡು’ವಿನ ಕಡೆಗೆ. ನಿಘಂಟು ತೆರೆದರೂ ಮೊದಲು ಕಾಣುವುದು ಅದೇ. ಅದರ ಕೆಳಗೆ ಹರಿ, ನಡೆಸು, ಚಲಿಸು, ಸ್ಪರ್ಧಿಸು ಎಂದು ಪದಗಳ ಸಾಲೇ ಇರುತ್ತದೆ. ಆದರೆ ಯಾವುದನ್ನು ಎಲ್ಲಿ ಹಾಕಬೇಕು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಹಾಗಾಗಿ ‘ಅವರು ಶಾಲೆಯನ್ನು ಚಲಾಯಿಸುತ್ತಾರೆ’, ‘ರಸ್ತೆ ಹೊಳೆಯ ಪಕ್ಕದಲ್ಲಿ ಓಡುತ್ತದೆ’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ವ್ಯಾಕರಣದಲ್ಲಿ ತಪ್ಪು ಹುಡುಕಲಾಗದು, ಆದರೂ ಕನ್ನಡಿಗರ ಬಾಯಲ್ಲಿ ಆ ಮಾತು ಬರುವುದಿಲ್ಲ.

ಇದಕ್ಕೆ ಕಾರಣ ಎರಡು ಭಾಷೆಗಳು ಚಲನೆಯನ್ನು ನೋಡುವ ರೀತಿಯಲ್ಲಿದೆ. ಯಾವುದೋ ಒಂದು ನಿಲ್ಲದೆ ಮುಂದುವರಿಯುತ್ತಿದ್ದರೆ ಇಂಗ್ಲಿಷಿಗೆ ‘ರನ್’ ಎನ್ನಲು ಅಷ್ಟು ಸಾಕು. ಕನ್ನಡ ಎರಡು ವಿಷಯಗಳನ್ನು ಮೊದಲೇ ತಿಳಿಯಬಯಸುತ್ತದೆ. ಮುಂದುವರಿಯುತ್ತಿರುವುದು ಯಾವ ವಸ್ತು? ಅದು ತಾನಾಗಿ ಸಾಗುತ್ತಿದೆಯೋ, ಯಾರಾದರೂ ಸಾಗಿಸುತ್ತಿದ್ದಾರೋ? ಆದ್ದರಿಂದ ‘ರನ್’ ಕಂಡಾಗ ಕ್ರಿಯಾಪದವನ್ನು ಬಿಟ್ಟು ಅದರ ಪಕ್ಕದ ನಾಮಪದವನ್ನು ನೋಡಬೇಕು. ಉತ್ತರ ಇರುವುದು ಅಲ್ಲಿ.

ಎರಡನೆಯ ಪ್ರಶ್ನೆಗೆ ಕನ್ನಡದಲ್ಲಿ ಸಿದ್ಧ ಏರ್ಪಾಡಿದೆ. ಓಡು-ಓಡಿಸು, ನಡೆ-ನಡೆಸು, ಹರಿ-ಹರಿಸು, ಚಲಿಸು-ಚಲಾಯಿಸು ಎಂಬ ಜೋಡಿಗಳಲ್ಲಿ ಮೊದಲನೆಯದು ತಾನಾಗಿ ಆಗುವ ಕೆಲಸ, ಎರಡನೆಯದು ಆಗುವಂತೆ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ‘ರನ್’ ಎರಡಕ್ಕೂ ಒಂದೇ ರೂಪದಲ್ಲಿರುವುದರಿಂದ ಅವಸರದಲ್ಲಿ ಜೋಡಿ ಅದಲುಬದಲಾಗುತ್ತದೆ. ಜೋಡಿಯ ಎರಡೂ ಪದಗಳು ಒಂದೇ ಹಾದಿಯಲ್ಲಿ ಬೆಳೆದಿಲ್ಲ ಎಂಬುದನ್ನೂ ಗಮನಿಸಬೇಕು. ಬಸ್ಸನ್ನು ‘ಓಡಿಸು’ ಎಂದರೆ ಚಾಲಕನ ಕೆಲಸ, ನಾಯಿಯನ್ನು ‘ಓಡಿಸು’ ಎಂದರೆ ಅಟ್ಟುವುದು. ‘ಚಲಾಯಿಸು’ ಎಂಬುದು ವಾಹನದ ಜೊತೆಗೆ ಮತಕ್ಕೆ, ಅಧಿಕಾರಕ್ಕೆ ಅಂಟಿಕೊಂಡಿದೆ. ಶಾಲೆಗೆ ಅದನ್ನು ಹಚ್ಚಿದರೆ ಶಾಲೆಯನ್ನು ಪ್ರೀತಿಯಿಂದ ನಡೆಸುವವರೂ ದರ್ಪ ತೋರುವವರಂತೆ ಕೇಳಿಸುತ್ತಾರೆ.

ಇಂಗ್ಲಿಷಿನಲ್ಲಿ ಓಡುವ ಅಂಗಡಿ, ಶಾಲೆ, ಮನೆ ಕನ್ನಡದಲ್ಲಿ ನಡೆಯುತ್ತವೆ. ಅಷ್ಟಕ್ಕೇ ನಿಲ್ಲದೆ ಕನ್ನಡ ಇನ್ನಷ್ಟು ಬಿಡಿಸಿ ಹೇಳುತ್ತದೆ. ಒಬ್ಬರು ಹೋಟೆಲ್ ‘ರನ್’ ಮಾಡುತ್ತಾರೆ ಎಂದು ಇಂಗ್ಲಿಷ್ ಹೇಳಿದರೆ ಅವರು ಮಾಲೀಕರೋ ಮ್ಯಾನೇಜರೋ ಗೊತ್ತಾಗದು. ‘ಹೋಟೆಲ್ ಇಟ್ಟಿದ್ದಾರೆ’ ಎಂದರೆ ಬಂಡವಾಳ ಅವರದು. ‘ಹೋಟೆಲ್ ನೋಡಿಕೊಳ್ಳುತ್ತಾರೆ’ ಎಂದರೆ ಮೇಲ್ವಿಚಾರಣೆ ಅವರದು, ಹೋಟೆಲ್ ಬೇರೆಯವರದೂ ಇರಬಹುದು. ‘ನಡೆಸುತ್ತಾರೆ’ ಎರಡಕ್ಕೂ ಹೊಂದುತ್ತದೆ. ಮೂಲದಲ್ಲಿ ಯಾರೆಂದು ತಿಳಿಯದಿದ್ದರೆ ಇದೇ ಕ್ಷೇಮ. ಕಡಿಮೆ ಸಂಬಳದಲ್ಲಿ ಮನೆ ‘ರನ್’ ಮಾಡುವ ತಾಯಿಯ ಬಗ್ಗೆ ಬರೆಯುವಾಗ ಮಾತ್ರ ‘ನಡೆಸು’ ಸಾಲದು. ಆಕೆ ಸಂಸಾರ ತೂಗಿಸುತ್ತಾಳೆ. ಆದಾಯ ಒಂದು ಕಡೆ, ಖರ್ಚು ಒಂದು ಕಡೆ ಇಟ್ಟು ಸರಿದೂಗಿಸುವ ಕಷ್ಟವೆಲ್ಲ ಆ ಒಂದು ಕ್ರಿಯಾಪದದಲ್ಲಿದೆ.

ದ್ರವಗಳ ವಿಷಯದಲ್ಲಿ ಕನ್ನಡದ ಆಯ್ಕೆ ಇನ್ನೂ ನವಿರು. ಹೊಳೆ ಹರಿಯುತ್ತದೆ. ಸೂರಿನಂಚಿನಿಂದ ಮಳೆನೀರು ಸುರಿಯುತ್ತದೆ. ನೆಗಡಿಯಾದರೆ ಮೂಗು ಸೋರುತ್ತದೆ. ಬಂಡೆಯ ಸಂದಿಯಲ್ಲಿ ನೀರು ಜಿನುಗುತ್ತದೆ. ಹಣೆಯಿಂದ ಬೆವರು ಇಳಿಯುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ಒಗೆದಾಗ ಹೊಸ ಸೀರೆ ಬಣ್ಣ ಬಿಡುತ್ತದೆ. ಇವೆಲ್ಲಕ್ಕೂ ಇಂಗ್ಲಿಷ್ ‘ರನ್’ ಅನ್ನಬಲ್ಲದು. ಕನ್ನಡ ಮಾತ್ರ ನೀರು ಎಷ್ಟಿದೆ, ಎಲ್ಲಿಂದ ಬರುತ್ತಿದೆ, ಬರಬೇಕಾದದ್ದೋ ಬರಬಾರದ್ದೋ ಎಂದೆಲ್ಲ ನೋಡಿ ಪದ ಕೊಡುತ್ತದೆ. ‘ಸೋರು’ ಎಂದ ಕೂಡಲೇ ಏನೋ ಕೆಟ್ಟಿದೆ ಎಂಬ ಸೂಚನೆ ಇರುತ್ತದೆ. ಅದಕ್ಕೇ ನಲ್ಲಿ ಬಿಟ್ಟಿದೆ ಎನ್ನುವುದಕ್ಕೂ ನಲ್ಲಿ ಸೋರುತ್ತಿದೆ ಎನ್ನುವುದಕ್ಕೂ ದೂರವಿದೆ. ಮೊದಲನೆಯದಕ್ಕೆ ಎದ್ದು ಹೋಗಿ ತಿರುಗಿಸಿದರೆ ಸಾಕು, ಎರಡನೆಯದಕ್ಕೆ ಪ್ಲಂಬರ್ ಬರಬೇಕು.

‘ಹರಿ’ ನೀರಿಗಷ್ಟೇ ಮೀಸಲಲ್ಲ. ಹಾವು ಹರಿಯುತ್ತದೆ. ಅಪಘಾತದ ಸುದ್ದಿಯಲ್ಲಿ ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಇಂಗ್ಲಿಷ್ ಸುದ್ದಿಯ ‘ರನ್ ಓವರ್’ಗೆ ಇದಕ್ಕಿಂತ ಸರಿಯಾದ ಮಾತಿಲ್ಲ, ‘ಮೇಲೆ ಓಡಿತು’ ಎಂದು ಯಾರೂ ಬರೆಯುವುದಿಲ್ಲ. ನೆಲಕ್ಕೆ ತಾಗಿಕೊಂಡು ಸಾಗುವುದನ್ನು, ಅಡ್ಡ ಬಂದದ್ದರ ಮೇಲೂ ನಿಲ್ಲದೆ ಹಾದುಹೋಗುವುದನ್ನು ಕನ್ನಡ ‘ಹರಿ’ ಎಂದು ಗುರುತಿಸಿದೆ.

ಹಾಗೆಂದು ‘ಓಡು’ ಕಾಲಿದ್ದವರಿಗೆ ಮಾತ್ರ ಎಂದುಕೊಳ್ಳಬಾರದು. ಸಿನಿಮಾ ನೂರು ದಿನ ಓಡುತ್ತದೆ, ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ತಲೆ ಓಡುವುದಿಲ್ಲ. ಇವೆಲ್ಲ ನಮ್ಮ ನಿತ್ಯದ ಮಾತುಗಳು. ಹೀಗಾಗಿ ‘ಓಡು’ವನ್ನು ಕಂಡಲ್ಲೆಲ್ಲ ಹೊಡೆದುಹಾಕುವುದೂ ತಪ್ಪು.

ಹಾಗಾದರೆ ಆರಿಸುವುದು ಹೇಗೆ? ತುಂಬ ಕಡೆ ನೆರವಾಗುವ ಒಂದು ಪರೀಕ್ಷೆಯಿದೆ. ಆ ವಸ್ತು ನಿಂತುಹೋದರೆ ಕನ್ನಡದಲ್ಲಿ ಏನನ್ನುತ್ತೇವೆ ಎಂದು ಕೇಳಿಕೊಳ್ಳಿ. ಅಂಗಡಿ ನಿಂತರೆ ‘ಮುಚ್ಚಿತು’ ಎನ್ನುತ್ತೇವೆ. ಮುಚ್ಚದೆ ಇರುವ ಅಂಗಡಿ ನಡೆಯುತ್ತಿದೆ. ಜ್ವರ ‘ಬಿಟ್ಟಿತು’ ಎನ್ನುತ್ತೇವೆ. ಬಿಡದ ಜ್ವರ ಬಂದಿದೆ, ಇದೆ, ಕಾಯುತ್ತಿದೆ. ಸಕ್ಕರೆ ‘ಮುಗಿಯಿತು’, ‘ಖಾಲಿಯಾಯಿತು’ ಎನ್ನುತ್ತೇವೆ, ಹಾಗಾಗಿ ‘ರನ್ ಔಟ್’ ಆದದ್ದಕ್ಕೆ ಓಟದ ಹಂಗೇ ಬೇಡ. ಬಸ್ ಮುಷ್ಕರದಲ್ಲಿ ‘ಸಂಚಾರ ಸ್ಥಗಿತ’ ಎನ್ನುತ್ತೇವೆ, ಆದ್ದರಿಂದ ಮಿಕ್ಕ ದಿನ ಬಸ್ಸು ಸಂಚರಿಸುತ್ತದೆ. ನಿಲುಗಡೆಯ ಪದವನ್ನು ಇಂಗ್ಲಿಷ್ ಅಷ್ಟಾಗಿ ಕೆಡಿಸಿಲ್ಲವಾದ್ದರಿಂದ ಅದು ಸಲೀಸಾಗಿ ನೆನಪಾಗುತ್ತದೆ, ಅದರ ಬೆನ್ನಿಗೇ ಚಲನೆಯ ಪದವೂ ಬರುತ್ತದೆ.

ಈ ಪರೀಕ್ಷೆಗೂ ಮಿತಿಯುಂಟು. ರಸ್ತೆ, ಬೇಲಿ, ಬೆಟ್ಟಸಾಲು ಮೊದಲೇ ಚಲಿಸುವುದಿಲ್ಲ, ಇನ್ನು ನಿಲ್ಲುವುದೆಲ್ಲಿಂದ? ಅಲ್ಲಿ ಅವುಗಳ ಆಕಾರ ನೋಡಬೇಕು. ಪಶ್ಚಿಮ ಘಟ್ಟ ಸುಮಾರು 1,600 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಹೆದ್ದಾರಿ ಊರಿನ ನಡುವೆ ಹಾದುಹೋಗುತ್ತದೆ. ಬೇಲಿ ತೋಟದ ಸುತ್ತ ಇದೆ, ಅಷ್ಟೆ. ‘ಇದೆ’ ಎಂಬುದೇ ಸಾಕಾಗುವ ಕಡೆ ಬೇರೆ ಕ್ರಿಯಾಪದ ಹುಡುಕಬೇಕಿಲ್ಲ.

ಸುದ್ದಿಮನೆಯ ಡೆಸ್ಕಿಗೆ ಬರುವಂಥ ಒಂದು ಇಂಗ್ಲಿಷ್ ವರದಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಬರುವ ‘ರನ್’ ಅನ್ನು ಹಾಗೇ ಬಿಟ್ಟು ಉಳಿದದ್ದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: ಈ ಹಳ್ಳಿಗೆ ದಿನಕ್ಕೆ ಎರಡೇ ಬಸ್ ರನ್ ಆಗುತ್ತವೆ. ರಸ್ತೆ ಕೆರೆಯ ಏರಿಯ ಮೇಲೆ ರನ್ ಆಗುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ನೀರು ರನ್ ಆಗುತ್ತದೆ. ಆಗ ಊರಿನಲ್ಲಿ ದಿನಸಿ ರನ್ ಔಟ್ ಆಗುತ್ತದೆ. ನಿಲ್ದಾಣದ ಬಳಿ ಟೀ ಅಂಗಡಿ ರನ್ ಮಾಡುವ ಮಹಿಳೆ ಈ ಸಲ ಪಂಚಾಯಿತಿ ಚುನಾವಣೆಗೆ ರನ್ ಮಾಡುತ್ತಿದ್ದಾರೆ. ಇನ್ನೊಂದು ಬಸ್ ರನ್ ಮಾಡಿಸುವುದಾಗಿ ಅವರು ಮಾತು ಕೊಟ್ಟಿದ್ದಾರೆ.

ಒಂದೊಂದಾಗಿ ನೋಡೋಣ. ಮೊದಲ ವಾಕ್ಯದ ಬಸ್ಸು ಸಂಚರಿಸುತ್ತದೆ ಎನ್ನಬಹುದು, ಆದರೆ ಹಳ್ಳಿಯಲ್ಲಿ ನಿಂತು ಹೇಳುವವರಿಗೆ ಬಸ್ಸು ಬರುತ್ತದೆ. ಮಾತು ಹಳ್ಳಿಯ ಕಡೆಯಿಂದ ಬರುತ್ತಿರುವುದರಿಂದ ‘ಬರುತ್ತವೆ’ ಮೇಲು. ರಸ್ತೆ ಏರಿಯ ಮೇಲೆ ಹಾದುಹೋಗುತ್ತದೆ. ನೀರು ಹರಿಯುತ್ತದೆ. ದಿನಸಿ ಮುಗಿದುಹೋಗುತ್ತದೆ. ಟೀ ಅಂಗಡಿ ಆಕೆಯದೇ ಎಂದು ವರದಿಯ ಮುಂದಿನ ಭಾಗದಲ್ಲಿದ್ದರೆ ‘ಇಟ್ಟುಕೊಂಡಿರುವ’, ಇಲ್ಲದಿದ್ದರೆ ‘ನಡೆಸುವ’. ಚುನಾವಣೆಯ ಮಾತು ಬಂದಾಗ ಅಮೆರಿಕನ್ನರು ಓಡುತ್ತಾರೆ, ಬ್ರಿಟಿಷರು ನಿಲ್ಲುತ್ತಾರೆ. ಕನ್ನಡಿಗರೂ ನಿಲ್ಲುವವರೇ. ಪತ್ರಿಕೆಗೆ ‘ಸ್ಪರ್ಧಿಸಿದ್ದಾರೆ’ ಎಂದೂ ಬರೆಯಬಹುದು. ಕೊನೆಯ ಬಸ್ಸನ್ನು ಓಡಿಸುವವರು ಆಕೆಯಲ್ಲ, ಸಾರಿಗೆ ಸಂಸ್ಥೆ. ಕನ್ನಡದಲ್ಲಿ ಹೊಸ ಬಸ್ಸನ್ನು ಬಿಡುತ್ತಾರೆ, ಆಕೆ ಬಿಡಿಸುತ್ತಾರೆ. ಅಲ್ಲಿಗೆ ವರದಿ ಹೀಗಾಗುತ್ತದೆ:

‘ಈ ಹಳ್ಳಿಗೆ ದಿನಕ್ಕೆ ಬರುವುದು ಎರಡೇ ಬಸ್. ರಸ್ತೆ ಕೆರೆಯ ಏರಿಯ ಮೇಲೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ನೀರು ಹರಿಯುವುದರಿಂದ ಊರಿನಲ್ಲಿ ದಿನಸಿ ಮುಗಿದುಹೋಗುತ್ತದೆ. ನಿಲ್ದಾಣದ ಬಳಿ ಟೀ ಅಂಗಡಿ ನಡೆಸುವ ಮಹಿಳೆ ಈ ಸಲ ಪಂಚಾಯಿತಿ ಚುನಾವಣೆಗೆ ನಿಂತಿದ್ದಾರೆ. ಊರಿಗೆ ಇನ್ನೊಂದು ಬಸ್ ಬಿಡಿಸುವುದಾಗಿ ಮಾತು ಕೊಟ್ಟಿದ್ದಾರೆ.’

ಏಳು ಕಡೆಯ ‘ರನ್’ಗೆ ಏಳು ಬೇರೆ ಕ್ರಿಯಾಪದಗಳು ಬಂದವು, ‘ಓಡು’ ಒಮ್ಮೆಯೂ ಬೇಕಾಗಲಿಲ್ಲ.

ಪಕ್ಕದ ಪದವೇ ಇಲ್ಲದಿದ್ದರೆ ಈ ದಾರಿ ಮುಚ್ಚುತ್ತದೆ. ಕಂಪ್ಯೂಟರ್, ಮೊಬೈಲ್ ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರ ಕಷ್ಟ ಇದೇ. ಅವರ ಮುಂದೆ ಪೂರ್ತಿ ವಾಕ್ಯ ಇರುವುದಿಲ್ಲ, ಒಂಟಿ ಪದ ಇರುತ್ತದೆ. ಅದು ವ್ಯಾಯಾಮದ ಆ್ಯಪ್‌ನಲ್ಲಿನ ಓಟವೋ, ಪ್ರೋಗ್ರಾಮ್ ಶುರು ಮಾಡುವ ಗುಂಡಿಯೋ ತಿಳಿಯದೆ ಅನುವಾದಿಸಿದರೆ ಗುಂಡಿಯ ಮೇಲೆ ‘ಓಟ’ ಎಂದು ಕೂರುತ್ತದೆ. ಅನುವಾದಕ್ಕೆ ಬಳಸುವ `.po` ಕಡತಗಳಲ್ಲಿ ಇದಕ್ಕೆ ಪರಿಹಾರವಿದೆ. ತಂತ್ರಾಂಶ ಬರೆಯುವವರು `msgctxt` ಎಂಬ ಸಾಲಿನಲ್ಲಿ ಸಂದರ್ಭ ಸೂಚಿಸಿದರೆ ಒಂದೇ ಪದಕ್ಕೆ ಎರಡು ಅನುವಾದ ಕೊಡಬಹುದು:

```
msgctxt "fitness activity"
msgid "Run"
msgstr "ಓಟ"

msgctxt "button: start program"
msgid "Run"
msgstr "ಚಲಾಯಿಸಿ"
```

ಇಲ್ಲಿಯೂ ಓಡು-ಓಡಿಸು ಜೋಡಿಯ ಎಚ್ಚರ ಬೇಕು. ಗುಂಡಿಯನ್ನು ಒತ್ತುವವರು ನಾವು, ಆದ್ದರಿಂದ ‘ಚಲಾಯಿಸಿ’. ಒತ್ತಿದ ಮೇಲೆ ಪ್ರೋಗ್ರಾಮ್ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಆದ್ದರಿಂದ ಪರದೆಯ ಮೇಲೆ ‘ಚಾಲನೆಯಲ್ಲಿದೆ’ ಎಂದಿರಬೇಕು. ಸಂದರ್ಭದ ಸಾಲು ಇಲ್ಲದ ಕಡತ ಬಂದರೆ ಊಹೆಯ ಮೇಲೆ ಪದ ತುಂಬುವುದಕ್ಕಿಂತ ಅದು ಪರದೆಯ ಯಾವ ಜಾಗದಲ್ಲಿ ಬರುತ್ತದೆ ಎಂದು ತಂತ್ರಾಂಶ ಬರೆದವರನ್ನೇ ಕೇಳುವುದು ಸರಿಯಾದ ಕ್ರಮ.

ಕೆಲವು ಕಡೆ ‘ರನ್’ ಅನ್ನು ಮುಟ್ಟಬಾರದು. ಕ್ರಿಕೆಟಿನಲ್ಲಿ ಅದು ಕನ್ನಡದ್ದೇ ಪದವಾಗಿದೆ. ಬ್ಯಾಟರ್ ರನ್ ಗಳಿಸುತ್ತಾನೆ, ರನ್ ಕದಿಯಲು ಹೋಗಿ ರನೌಟ್ ಆಗುತ್ತಾನೆ. ಅಲ್ಲಿ ‘ಓಟ’ ಎಂದರೆ ಎರಡು ವಿಕೆಟ್‌ಗಳ ನಡುವೆ ಕಾಲು ಕಿತ್ತು ಓಡುವುದು, ‘ರನ್’ ಎಂದರೆ ಅದರಿಂದ ಲೆಕ್ಕಕ್ಕೆ ಸೇರಿದ್ದು. ಬೌಂಡರಿಗೆ ಓಟವಿಲ್ಲದೆಯೂ ನಾಲ್ಕು ರನ್ ಸಿಗುತ್ತದೆ. ಇಂಗ್ಲಿಷ್ ಒಂದೇ ಪದದಲ್ಲಿ ಹೇಳುವುದನ್ನು ಇಲ್ಲಿ ಕನ್ನಡ ಎರಡಾಗಿ ಬೇರ್ಪಡಿಸಿಕೊಂಡಿದೆ. ಆ ಭೇದವನ್ನು ಉಳಿಸಿ ಬರೆದರೆ ಆಟ ನೋಡದ ಓದುಗರಿಗೂ ಮೈದಾನದಲ್ಲಿ ಏನಾಯಿತೆಂದು ಸ್ಪಷ್ಟವಾಗುತ್ತದೆ.